ಪುಸ್ತಕಕ್ಕೂ ಮೊದಲು ಮೂವತ್ತು ಪುಟ: ದರೋಜಿಯ ಕರಡಿ ಕಲಿಸುವ ಪ್ರಸ್ತಾವದ ಪಾಠ

ದರೋಜಿಯ ಕರಡಿಧಾಮದ ಮೇಲೆ ಪುಸ್ತಕ ಬರೆಯಬೇಕೆಂದು ಆಸೆಪಟ್ಟವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ಬರೆಯಲು ಕೂರುವುದು. ಬರೆದು ಮುಗಿಸಿ, ಡಿಟಿಪಿ ಮಾಡಿಸಿ, ಪೂರ್ತಿ ಹಸ್ತಪ್ರತಿಯನ್ನು ಪ್ರಕಾಶಕರ ಮುಂದಿಡುವುದು ಕನ್ನಡದ ವಾಡಿಕೆ. ಕಥೆ, ಕವಿತೆ, ಕಾದಂಬರಿಗೆ ಈ ಕ್ರಮ ಸರಿಯೇ. ಆದರೆ ಊರೂರು ತಿರುಗಿ, ಕಡತ ಹುಡುಕಿ, ಜನರನ್ನು ಮಾತಾಡಿಸಿ ಬರೆಯಬೇಕಾದ ಪುಸ್ತಕದಲ್ಲಿ ಹೀಗೆ ಮಾಡಿದರೆ ವರ್ಷಗಟ್ಟಲೆ ಶ್ರಮ ಸುರಿದ ಮೇಲೆ ವಿಷಯ ಹಿಡಿತಕ್ಕೆ ಸಿಕ್ಕಿಲ್ಲವೆಂಬುದು ಗೊತ್ತಾಗುತ್ತದೆ. ಆ ತಿಳಿವಳಿಕೆಯನ್ನು ಮೊದಲ ತಿಂಗಳುಗಳಲ್ಲೇ ತಂದುಕೊಡುವ ಬರಹವೊಂದಿದೆ. ಅದು ಪುಸ್ತಕ ಪ್ರಸ್ತಾವ.

ಇಂಗ್ಲಿಷ್ ಪ್ರಕಾಶನ ಸಂಸ್ಥೆಗಳು ಕಥೆಯೇತರ ಪುಸ್ತಕಗಳನ್ನು ಬಹುಪಾಲು ಪ್ರಸ್ತಾವ ನೋಡಿಯೇ ಒಪ್ಪುತ್ತವೆ. ಫೆಲೋಶಿಪ್ ಕೊಡುವ ಪ್ರತಿಷ್ಠಾನಗಳೂ ಹಾಗೆಯೇ. ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಶನ್ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ಕಥೆಯೇತರ ಕೃತಿಗಳ ಅನುವಾದಕ್ಕೆ ಫೆಲೋಶಿಪ್ ಕೊಡುವಾಗ ಪ್ರಸ್ತಾವವನ್ನೂ ಮಾದರಿ ಅನುವಾದವನ್ನೂ ಕೇಳುತ್ತದೆ. 2022ರ ಮೊದಲ ಸುತ್ತಿನಲ್ಲಿ ಡಿ.ಆರ್. ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ಯ ಅನುವಾದಕ್ಕಾಗಿ ಎನ್.ಎಸ್. ಗುಂಡೂರರಿಗೆ ಈ ಫೆಲೋಶಿಪ್ ಸಿಕ್ಕಿತು.

ಪ್ರಸ್ತಾವದಲ್ಲಿ ಇರುವುದಿಷ್ಟು: ಒಂದೆರಡು ಪುಟದ ಸಾರಾಂಶ, ಓದುಗರ ಮತ್ತು ಮಾರುಕಟ್ಟೆಯ ವಿಶ್ಲೇಷಣೆ, ಲೇಖಕರ ಪರಿಚಯ, ಅಧ್ಯಾಯಗಳ ರೂಪರೇಖೆ, ಒಂದು ಮಾದರಿ ಅಧ್ಯಾಯ, ಕೆಲಸದ ವೇಳಾಪಟ್ಟಿ. ಎಲ್ಲ ಸೇರಿ ಸುಮಾರು ಮೂವತ್ತು ಪುಟ. ದರೋಜಿಯನ್ನೇ ಉದಾಹರಣೆಯಾಗಿ ಹಿಡಿದು ಇವುಗಳಲ್ಲಿ ಮುಖ್ಯವಾದವನ್ನು ಕಟ್ಟಿ ನೋಡೋಣ.

ಊರು ವಿಷಯ, ಪ್ರಶ್ನೆ ಪುಸ್ತಕ

‘ದರೋಜಿ’ ಎಂದರೆ ಇನ್ನೂ ಪುಸ್ತಕವಾಗಲಿಲ್ಲ, ಅದು ಬರೀ ವಿಷಯ. ಸಂಡೂರು ತಾಲ್ಲೂಕಿನ ಈ ಊರಿನಲ್ಲಿ ದೊಡ್ಡ ಕೆರೆಯಿದೆ. ಬುರ್ರಕಥೆಯ ಈರಮ್ಮನವರ ಹೆಸರಿನಿಂದ ಊರು ನಾಡಿಗೆಲ್ಲ ಪರಿಚಿತ. ಹಂಪಿ ಹತ್ತಿರದಲ್ಲಿದೆ. 1994ರಲ್ಲಿ ಘೋಷಣೆಯಾದ ಕರಡಿಧಾಮವಿದೆ. ಇವೆಲ್ಲವನ್ನೂ ಒಂದೇ ಪುಸ್ತಕಕ್ಕೆ ತುಂಬಿದರೆ ಅದು ತಾಲ್ಲೂಕು ದರ್ಶನವಾಗುತ್ತದೆ.

ಸಾರಾಂಶದ ಕೆಲಸ ಪುಸ್ತಕವನ್ನು ಒಂದು ಪ್ರಶ್ನೆಗೆ ಕಟ್ಟಿಹಾಕುವುದು. ನಮ್ಮ ಉದಾಹರಣೆಗೆ ಪ್ರಶ್ನೆ ಹೀಗಿರಲಿ: ಒಂದು ಕಡೆ ತುಂಗಭದ್ರಾ ಕಾಲುವೆಯ ಹಸಿರು, ಇನ್ನೊಂದು ಕಡೆ ಸಂಡೂರಿನ ಗಣಿ, ನಡುವೆ ಉಳಿದ ಕುರುಚಲು ಕಾಡು ಮತ್ತು ಕಲ್ಲುಗುಡ್ಡದಲ್ಲಿ ಕರಡಿ ಮತ್ತು ರೈತ ಹೇಗೆ ಬದುಕುತ್ತಿದ್ದಾರೆ? ಪ್ರಶ್ನೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ದಾರಿಯಿದೆ. ಅದು ಯಾವುದನ್ನು ಹೊರಗಿಡುತ್ತದೆ ಎಂದು ನೋಡಬೇಕು. ಈ ಪ್ರಶ್ನೆ ಈರಮ್ಮನವರನ್ನು ಹೊರಗಿಡುತ್ತದೆ. ಮನಸ್ಸಿಗೆ ನೋವಾಗುವ ಮಾತು, ಆದರೆ ನ್ಯಾಯವಾದದ್ದು. 2014ರಲ್ಲಿ ತೀರಿಕೊಂಡ ಆ ತಾಯಿಯ ಕಂಠದಲ್ಲಿದ್ದ ಕಥಾಭಂಡಾರಕ್ಕೆ ಕರಡಿಯ ಪುಸ್ತಕದಲ್ಲೊಂದು ಅಧ್ಯಾಯ ಸಾಲದು, ಪ್ರತ್ಯೇಕ ಪುಸ್ತಕವೇ ಬೇಕು.

‘ಮೊದಲು’ ಎಂಬ ಮಾತಿನ ಅಪಾಯ

ಮಾರುಕಟ್ಟೆ ವಿಶ್ಲೇಷಣೆಯಲ್ಲಿ ಹೊಸಬರು ಬರೆಯುವ ಮೊದಲ ಸಾಲು ಬಹುತೇಕ ಇದೇ: ‘ಈ ವಿಷಯದ ಮೇಲೆ ಇದುವರೆಗೆ ಯಾವ ಪುಸ್ತಕವೂ ಬಂದಿಲ್ಲ.’ ಸಂಪಾದಕರ ಕಿವಿಗೆ ಇದು ಓದುಗರೇ ಇಲ್ಲ ಎಂದೂ ಕೇಳಿಸುತ್ತದೆ, ಲೇಖಕರು ಹುಡುಕಿಲ್ಲ ಎಂದೂ ಕೇಳಿಸುತ್ತದೆ. ದರೋಜಿಯ ಬಗ್ಗೆಯೇ ಇಂಥದ್ದೊಂದು ಮಾತು ಚಲಾವಣೆಯಲ್ಲಿದೆ: ಇದು ಏಷ್ಯಾದ ಮೊದಲ ಕರಡಿಧಾಮ ಎಂಬುದು. ಆದರೆ ಗುಜರಾತಿನ ಜೆಸ್ಸೋರ್ ಅಭಯಾರಣ್ಯ 1978ರದು, ರತನಮಹಲ್ 1982ರದು. ಎರಡೂ ಕರಡಿಗಾಗಿಯೇ ಹೆಸರಾದವು. ಪ್ರಸ್ತಾವದ ಮೊದಲ ಪುಟದಲ್ಲಿ ಈ ‘ಏಷ್ಯಾದಲ್ಲೇ ಮೊದಲು’ ಕಂಡರೆ, ತಿಳಿದ ಸಂಪಾದಕರು ಉಳಿದ ಪುಟಗಳನ್ನು ಸಂಶಯದಿಂದಲೇ ಓದುತ್ತಾರೆ.

ಹಾಗಾದರೆ ಏನು ಬರೆಯಬೇಕು? ಇದೇ ಓದುಗರು ಈಗಾಗಲೇ ಯಾವ ಪುಸ್ತಕಗಳನ್ನು ಕೊಂಡಿದ್ದಾರೆ, ನಮ್ಮದು ಅವುಗಳ ಪಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಕೆನೆತ್ ಆಂಡರ್ಸನ್ನನ ಬೇಟೆಯ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದರು. ಕಾಡಿನ ನಿಜಕಥೆಗೆ ಕನ್ನಡದಲ್ಲಿ ಓದುಗರಿದ್ದಾರೆ ಎಂಬುದಕ್ಕೆ ಅವೇ ಸಾಕ್ಷಿ. ಆ ಬರಹಗಳಲ್ಲಿ ಕಥೆ ಸಾಗುವುದು ಬೇಟೆಗಾರನ ಕಣ್ಣಿನಿಂದ; ನಮ್ಮ ಪುಸ್ತಕ ನೋಡುವುದು ಹೊಲದ ಬದುವಿನಿಂದ ಎಂದು ಒಂದೇ ವಾಕ್ಯದಲ್ಲಿ ವ್ಯತ್ಯಾಸ ಹೇಳಬಹುದು. ಹಂಪಿಯ ಬಗ್ಗೆ ರಾಬರ್ಟ್ ಸಿವೆಲ್ಲನ 1900ರ ಗ್ರಂಥದಿಂದ ಹಿಡಿದು ಇಂದಿನ ಕೈಪಿಡಿಗಳವರೆಗೆ ಸಾಲು ಸಾಲು ಪುಸ್ತಕಗಳಿವೆ. ಅವುಗಳ ಕಣ್ಣು ಸಾಮ್ರಾಜ್ಯದ ಚರಿತ್ರೆ ಮತ್ತು ಕಲ್ಲಿನ ಶಿಲ್ಪದ ಮೇಲೆ. ಅಂಥದ್ದೇ ಕಲ್ಲುಗಳ ಸಂದಿಯಲ್ಲಿ ಬದುಕುವ ಪ್ರಾಣಿಯ ಮೇಲೆ ನಮ್ಮ ಕಣ್ಣು ಎನ್ನಬಹುದು. ಇಂಥ ನಾಲ್ಕೈದು ಪುಸ್ತಕ ಸಾಕು. ಪ್ರತಿಯೊಂದಕ್ಕೂ ಲೇಖಕ, ಪ್ರಕಾಶಕ, ವರ್ಷ, ಪುಟ, ಬೆಲೆ, ಎಷ್ಟನೇ ಮುದ್ರಣ ಎಂಬ ವಿವರ ಇರಲಿ. ಎಷ್ಟನೇ ಮುದ್ರಣ ಎಂಬುದನ್ನು ಪುಸ್ತಕದ ಒಳಪುಟವೇ ಹೇಳುತ್ತದೆ. ಮಾರಾಟದ ಅಂಕಿ ಸಿಗದ ನಮ್ಮಲ್ಲಿ ಅದಕ್ಕಿಂತ ನಂಬಿಕೆಯ ಸುಳಿವು ಇನ್ನೊಂದಿಲ್ಲ.

ಓದುಗರನ್ನೂ ‘ಎಲ್ಲ ಪರಿಸರ ಪ್ರೇಮಿಗಳು’ ಎಂದು ತೇಲಿಸಬಾರದು. ಹಂಪಿಗೆ ಬಂದು ಒಂದು ಮಧ್ಯಾಹ್ನವನ್ನು ಕರಡಿಗೆ ಇಡುವ ಪ್ರವಾಸಿ, ಬಳ್ಳಾರಿ-ವಿಜಯನಗರ ಜಿಲ್ಲೆಗಳ ಶಾಲಾ ಕಾಲೇಜು ಗ್ರಂಥಾಲಯ, ಅರಣ್ಯ ಇಲಾಖೆಯ ಸಿಬ್ಬಂದಿ: ಇವರು ಪುಸ್ತಕವನ್ನು ಎಲ್ಲಿ ಕೊಳ್ಳುತ್ತಾರೆ ಎಂದು ಹೇಳಲು ಬರುವಂಥ ಓದುಗರು.

ಅಧ್ಯಾಯದ ಸಾಲಿನಲ್ಲಿ ಸುದ್ದಿ ಇರಬೇಕು

ಹೆಚ್ಚಿನ ಪ್ರಸ್ತಾವಗಳು ಸೋಲುವುದು ರೂಪರೇಖೆಯಲ್ಲಿ. ಕೆಟ್ಟ ರೂಪರೇಖೆ ಹೀಗಿರುತ್ತದೆ: ‘ಅಧ್ಯಾಯ 4: ಕರಡಿ ಮತ್ತು ರೈತ. ಇಲ್ಲಿ ಮಾನವ-ವನ್ಯಜೀವಿ ಸಂಘರ್ಷದ ವಿವಿಧ ಆಯಾಮಗಳನ್ನು ಚರ್ಚಿಸಲಾಗುವುದು.’ ಓದಿದವರಿಗೆ ಹೊಸದೇನೂ ಸಿಗಲಿಲ್ಲ. ಲೇಖಕರಿಗೂ ಏನು ಬರೆಯಬೇಕೆಂದು ಗೊತ್ತಿಲ್ಲ ಎಂಬುದು ಮಾತ್ರ ತಿಳಿಯಿತು.

ಅದನ್ನೇ ಹೀಗೆ ಬರೆಯಬಹುದು: ‘ಅಧ್ಯಾಯ 4: ತೆನೆಗಾವಲು. ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು, ಕಾಡುಹಣ್ಣು. ಹಾಗಿದ್ದೂ ಮೆಕ್ಕೆಜೋಳ ಹಾಲುಗಾಳಿಗೆ ಬಂದಾಗ, ಶೇಂಗಾ ಕಾಯಿ ಕಟ್ಟಿದಾಗ ಅದು ಹೊಲಕ್ಕಿಳಿಯುತ್ತದೆ. ಕಾಡಂಚಿನ ಒಂದು ಕುಟುಂಬದ ಜೊತೆ ಬಿತ್ತನೆಯಿಂದ ಕಟಾವಿನವರೆಗೆ ಇದ್ದು, ರಾತ್ರಿ ಕಾವಲು, ಬೆಳೆಹಾನಿಯ ಅರ್ಜಿ, ಪರಿಹಾರ ಕೈಸೇರುವ ದಾರಿ ಇವುಗಳನ್ನು ಈ ಅಧ್ಯಾಯ ಹೇಳುತ್ತದೆ. ಆಧಾರ: ಹೊಲದ ದಿನಚರಿ, ಅರಣ್ಯ ಇಲಾಖೆಯ ಪರಿಹಾರದ ಕಡತ, ಗಾಯಗೊಂಡವರ ಸಂದರ್ಶನ. ಕೊನೆಗೆ ಏಳುವ ಪ್ರಶ್ನೆ: ಬೆಳೆಯೇ ಬದಲಾದರೆ ಕರಡಿಯ ದಾರಿಯೂ ಬದಲಾಗುತ್ತದೆಯೇ?’

ಎರಡನೆಯದರಲ್ಲಿ ಒಂದು ಸಂಗತಿ, ಒಂದು ಸ್ಥಳ, ಆಧಾರ ಮತ್ತು ಮುಂದಿನ ಅಧ್ಯಾಯಕ್ಕೆ ಕೊಂಡಿ ಇವೆ. ಆ ಕೊನೆಯ ಪ್ರಶ್ನೆಯೇ ಐದನೇ ಅಧ್ಯಾಯಕ್ಕೆ, ಅಂದರೆ 1953ರಲ್ಲಿ ನೀರು ಹರಿಸಲು ತೊಡಗಿದ ತುಂಗಭದ್ರಾ ಅಣೆಕಟ್ಟೆಗೆ ಮತ್ತು ಕಾಲುವೆಯ ಬೆನ್ನಿಗೆ ಬಂದ ಬೆಳೆಗಳಿಗೆ ಕರೆದೊಯ್ಯುತ್ತದೆ. ಆರನೆಯದು ಸಂಡೂರಿನ ಗಣಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ನಂತರದ ಕಾಡು. ಪರೀಕ್ಷೆ ಸುಲಭ: ಎರಡು ಅಧ್ಯಾಯಗಳ ಜಾಗ ಅದಲುಬದಲು ಮಾಡಿ ನೋಡಿ. ಪುಸ್ತಕಕ್ಕೆ ಏನೂ ಆಗದಿದ್ದರೆ ಅಲ್ಲಿರುವುದು ಬಿಡಿಬಿಡಿ ಲೇಖನಗಳ ಸಂಕಲನ.

ರೂಪರೇಖೆ ಲೆಕ್ಕವನ್ನೂ ಕೊಡುತ್ತದೆ. ಹತ್ತು ಅಧ್ಯಾಯ, ತಲಾ 4,500 ಪದ ಎಂದರೆ 45,000 ಪದ. ಡೆಮಿ 1/8 ಆಕಾರದ ಪುಟಕ್ಕೆ ಸುಮಾರು 250 ಪದ ಹಿಡಿದರೆ 180 ಪುಟ. ಹದಿನಾರು ಪುಟಕ್ಕೊಂದು ಫಾರಂ. ಹನ್ನೆರಡು ಫಾರಂಗೆ 192 ಪುಟ. ಮುನ್ನುಡಿ, ನಕ್ಷೆ, ಪರಿವಿಡಿಗೆ 12 ಪುಟ ಉಳಿಯಿತು. ಇದನ್ನು ಲೇಖಕರೇ ಬರೆದುಕೊಟ್ಟರೆ ಪ್ರಕಾಶಕರು ಕಾಗದದ ಖರ್ಚನ್ನು ಕೂತಲ್ಲೇ ಹಾಕಬಲ್ಲರು.

ಮಾದರಿ ಅಧ್ಯಾಯ ಯಾವುದು?

ಹಲವರು ಪೀಠಿಕೆಯನ್ನೇ ಮಾದರಿ ಎಂದು ಕಳಿಸುತ್ತಾರೆ. ಪೀಠಿಕೆ ಆಶ್ವಾಸನೆ ಕೊಡುತ್ತದೆ, ಕೆಲಸ ತೋರಿಸುವುದಿಲ್ಲ. ಕರಡಿಕಲ್ಲು ಗುಡ್ಡದಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರುವುದು, ಸಂಜೆಯ ಹೊತ್ತಿಗೆ ಕರಡಿಗಳು ಇಳಿದು ಬರುವುದು, ವೀಕ್ಷಣಾ ಗೋಪುರದಿಂದ ಪ್ರವಾಸಿಗರು ನೋಡುವುದು ಕಣ್ಣಿಗೆ ಹಬ್ಬವಾದರೂ, ಅಲ್ಲಿಗೆ ಹೋದ ಯಾರಾದರೂ ಅದನ್ನು ಬರೆಯಬಹುದು. ಮಾದರಿಗೆ ತಕ್ಕದ್ದು ನಾಲ್ಕನೇ ಅಧ್ಯಾಯ. ಅತಿ ಕಷ್ಟದ ಕ್ಷೇತ್ರಕಾರ್ಯ ಬೇಡುವುದು ಅದೇ. ಆ ಮನೆಯವರು ನಿಮ್ಮೊಡನೆ ಮಾತಾಡುತ್ತಾರೆಯೇ, ಕಡತ ಸಿಗುತ್ತದೆಯೇ, ಅದನ್ನು ಕಥೆಯಾಗಿ ಹೇಳಲು ನಿಮಗೆ ಬರುತ್ತದೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಅಧ್ಯಾಯ ಉತ್ತರ ಕೊಡುತ್ತದೆ.

ಬರೆದ ಮೇಲೆ ಪ್ರತಿ ಪ್ಯಾರಾದ ಅಂಚಿನಲ್ಲಿ ಗುರುತು ಹಾಕಿ: ಪುಸ್ತಕದಿಂದ ಬಂದದ್ದಕ್ಕೆ ‘ಪು’, ಕಣ್ಣಾರೆ ಕಂಡದ್ದಕ್ಕೆ ‘ಕ’, ಬಾಯಿಂದ ಕೇಳಿದ್ದಕ್ಕೆ ‘ಬಾ’. ಸತತವಾಗಿ ಎರಡು ಪುಟ ‘ಪು’ ಬಂದರೆ ಅಲ್ಲಿ ಓದುಗರು ಕೈಬಿಡುತ್ತಾರೆ, ಇನ್ನೊಮ್ಮೆ ಊರಿಗೆ ಹೋಗಬೇಕು. ಎಲ್ಲವೂ ‘ಬಾ’ ಆದರೆ ಕೇಳಿದ್ದನ್ನು ತಾಳೆ ನೋಡಿಲ್ಲ ಎಂದರ್ಥ. ಅಧ್ಯಾಯ ಬರೆಯುವಾಗ ರೂಪರೇಖೆ ತಪ್ಪೆಂದು ಕಂಡರೆ ರೂಪರೇಖೆಯನ್ನು ತಿದ್ದಬೇಕು. ತೆನೆಗಾವಲಿನ ರಾತ್ರಿಯಲ್ಲಿ ಕರಡಿಗಿಂತ ಹಂದಿಯ ಕಾಟವೇ ಹೆಚ್ಚೆಂದು ರೈತರು ಹೇಳಿದರೆ, ಸಾರಾಂಶದ ಪ್ರಶ್ನೆಯವರೆಗೂ ಆ ತಿದ್ದುಪಡಿ ಹೋಗಬೇಕು. ಅಭಯಾರಣ್ಯದ ಒಳಗೆ ಸಂಶೋಧನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಅದು ಸಿಕ್ಕಿದೆಯೋ, ಅರ್ಜಿ ಹಂತದಲ್ಲಿದೆಯೋ ಎಂಬುದು ವೇಳಾಪಟ್ಟಿಯಲ್ಲಿ ಇರಲೇಬೇಕು.

ಇಷ್ಟೆಲ್ಲ ಏಕೆ?

ಈ ಪುಸ್ತಕದ ಬೆಲೆ 250 ರೂಪಾಯಿ, ಸಾವಿರ ಪ್ರತಿ, ವಾಡಿಕೆಯಂತೆ ಶೇ. 10 ರಾಯಲ್ಟಿ ಎಂದುಕೊಳ್ಳಿ. ಕೊನೆಯ ಪ್ರತಿಯೂ ಖರ್ಚಾದರೆ ಲೇಖಕರಿಗೆ ಬರುವುದು 25,000 ರೂಪಾಯಿ. ಬಿತ್ತನೆಯಿಂದ ಕಟಾವಿನವರೆಗೆ ಕಾಡಂಚಿನಲ್ಲಿ ಇರುವ ಖರ್ಚು ಅದರಿಂದ ಹುಟ್ಟುವುದಿಲ್ಲ. ಆ ಹಣ ಫೆಲೋಶಿಪ್‌ನಿಂದಲೋ ಮುಂಗಡದಿಂದಲೋ ಬರಬೇಕು, ಅದೂ ಬರೆಯುವುದಕ್ಕೆ ಮುಂಚೆ. ಕೊಡುವವರ ಮುಂದಿಡಲು ಲೇಖಕರ ಕೈಯಲ್ಲಿ ಆಗ ಇರುವುದು ಈ ಮೂವತ್ತು ಪುಟ ಮಾತ್ರ. ಕನ್ನಡದ ಪ್ರಕಾಶಕರು ಪ್ರಸ್ತಾವ ಕೇಳದಿದ್ದರೂ ಕಳಿಸಿ. ಸಾವಿರ ಪ್ರತಿಯ ಪುಸ್ತಕಕ್ಕೆ ಹಣ ಹೂಡುವವರಿಗೆ ಮುಗಿದ ಹಸ್ತಪ್ರತಿಯನ್ನು ತಿರಸ್ಕರಿಸುವುದಕ್ಕಿಂತ, ಬೆಳೆಯುತ್ತಿರುವ ಪುಸ್ತಕಕ್ಕೆ ಸಲಹೆ ಕೊಡುವುದು ಸುಲಭ. ನಾಲ್ಕನೇ ಅಧ್ಯಾಯ ಓದಿ ಅವರು ಕೇಳುವ ಮೊದಲ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ, ಐದನೇ ಅಧ್ಯಾಯದ ಕ್ಷೇತ್ರಕಾರ್ಯ ಅಲ್ಲಿಂದಲೇ ಶುರುವಾಗುತ್ತದೆ.