ಹುರಿ, ಕವಚ, ಫೆರೈಟ್: ಕೇಬಲ್‌ಗೆ ನುಗ್ಗುವ ಗದ್ದಲಕ್ಕೆ ಮೂರು ಅಡ್ಡಗಟ್ಟೆ

ವೇದಿಕೆಯ ಮೇಲೆ ಒಬ್ಬರು ಮಾತಾಡುವಾಗ ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ಹೆಚ್ಚೆಂದರೆ ಒಂದೆರಡು ಮಿಲಿವೋಲ್ಟ್. ಸಭಾಂಗಣದ ಹಿಂಬದಿಯಲ್ಲಿರುವ ಮಿಕ್ಸರ್‌ವರೆಗೆ ಅದು 30 ಮೀಟರ್ ಕೇಬಲ್‌ನಲ್ಲಿ ಸಾಗಬೇಕು. ಅಲ್ಲಿ ಅದನ್ನು ನೂರಾರು ಪಟ್ಟು ಹಿಗ್ಗಿಸಲಾಗುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲವೂ ಅಷ್ಟೇ ಪಟ್ಟು ಹಿಗ್ಗುತ್ತದೆ, ಏಕೆಂದರೆ ಯಾವುದು ಮಾತು, ಯಾವುದು ಗದ್ದಲ ಎಂದು ಆಂಪ್ಲಿಫೈಯರ್‌ಗೆ ತಿಳಿಯದು. ಹಾಗಾಗಿ ಕೇಬಲ್‌ನಲ್ಲಿಯೇ ಅದನ್ನು ತಡೆಯಬೇಕು.

ಮೈಕ್ ಕೇಬಲ್‌ನ ಪಕ್ಕದಲ್ಲೇ, 10 ಸೆಂಟಿಮೀಟರ್ ಅಂತರದಲ್ಲಿ, ವೇದಿಕೆಯ ದೀಪಗಳಿಗೆ 10 ಆಂಪಿಯರ್ ಒಯ್ಯುವ ಕರೆಂಟಿನ ವೈರ್ ಹಾದುಹೋಗಿದೆ ಎಂದುಕೊಳ್ಳಬಹುದು. ಆ ವೈರಿನ ಎರಡು ತಂತಿಗಳ ನಡುವೆ 5 ಮಿಲಿಮೀಟರ್ ಅಂತರವಿದ್ದರೆ, ಮೈಕ್ ಕೇಬಲ್ ಇರುವ ಜಾಗದಲ್ಲಿ ಸುಮಾರು 1 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಉಂಟಾಗುತ್ತದೆ. ಸೆಕೆಂಡಿಗೆ 50 ಆವರ್ತನೆಯಂತೆ ಅದು ಏರಿಳಿಯುತ್ತಿರುತ್ತದೆ. ಮೈಕಿನ ಎರಡು ತಂತಿಗಳು 3 ಮಿಲಿಮೀಟರ್ ಅಂತರದಲ್ಲಿ ನೇರವಾಗಿ ಸಾಗಿದ್ದರೆ, ಅವುಗಳ ನಡುವೆ 30 ಮೀಟರ್ ಉದ್ದದ ಒಂದು ಕಿರಿದಾದ ಕುಣಿಕೆ ಏರ್ಪಡುತ್ತದೆ. ಬದಲಾಗುವ ಕಾಂತಕ್ಷೇತ್ರ ಈ ಕುಣಿಕೆಯೊಳಗೆ ಹಾಯುವಾಗ ಹುಟ್ಟುವ ವೋಲ್ಟೇಜ್ ಲೆಕ್ಕ ಹಾಕಿದರೆ ಸುಮಾರು 28 ಮೈಕ್ರೊವೋಲ್ಟ್. ಮಾತಿನ ಸಂಕೇತ 2 ಮಿಲಿವೋಲ್ಟ್ ಇದ್ದರೆ ಇದು ಅದರ ಎಪ್ಪತ್ತನೇ ಒಂದು ಪಾಲು. ಕೇಳಲು ಅಲ್ಪವೆನಿಸಿದರೂ, ಭಾಷಣಕಾರರು ಮಾತು ನಿಲ್ಲಿಸಿದ ಕೂಡಲೇ ಸ್ಪೀಕರಿನಲ್ಲಿ 'ಗುಂಯ್' ಎಂದು ಕೇಳಿಸುವುದು ಇದೇ.

ಇದಕ್ಕೆ ಮದ್ದು ಹುರಿ ಹಾಕುವುದು, ಅಂದರೆ ಎರಡೂ ತಂತಿಗಳನ್ನು ಹಗ್ಗದ ಎಳೆಗಳ ಹಾಗೆ ಒಂದರ ಸುತ್ತ ಒಂದನ್ನು ಹೊಸೆಯುವುದು. ಆಗ ಒಂದೇ ಉದ್ದನೆಯ ಕುಣಿಕೆಯ ಬದಲು ನೂರಾರು ಪುಟ್ಟ ಕುಣಿಕೆಗಳಾಗುತ್ತವೆ. ಪ್ರತಿ ಅರ್ಧ ಸುತ್ತಿಗೊಮ್ಮೆ ತಂತಿಗಳು ಜಾಗ ಬದಲಿಸುವುದರಿಂದ, ಒಂದು ಕುಣಿಕೆಯಲ್ಲಿ ಹುಟ್ಟಿದ ವೋಲ್ಟೇಜ್ ಒಂದು ದಿಕ್ಕಿಗಿದ್ದರೆ ಮುಂದಿನದರಲ್ಲಿ ಹುಟ್ಟಿದ್ದು ಅದಕ್ಕೆ ವಿರುದ್ಧ ದಿಕ್ಕಿಗಿರುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ ಸೊನ್ನೆ. ಪೂರ್ತಿ ಸೊನ್ನೆಯಾಗದಿರುವುದಕ್ಕೆ ಕಾರಣ, ಹುರಿ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ ಮತ್ತು ಕೇಬಲ್‌ನ ಎರಡು ತುದಿಗಳಲ್ಲಿ ಅದನ್ನು ಬಿಚ್ಚಲೇಬೇಕಾಗುತ್ತದೆ.

ಹುರಿಯಿಂದ ಇನ್ನೊಂದು ಲಾಭವೂ ಇದೆ. ಹೊರಗಿನ ಗದ್ದಲಕ್ಕೆ ಎರಡೂ ತಂತಿಗಳು ಸರಾಸರಿ ಒಂದೇ ದೂರದಲ್ಲಿರುವುದರಿಂದ ಅವೆರಡರ ಮೇಲೂ ಅದು ಒಂದೇ ಪ್ರಮಾಣದಲ್ಲಿ ಕೂರುತ್ತದೆ. ಮೂರು ಪಿನ್ನಿನ ಮೈಕ್ ಕೇಬಲ್‌ನಲ್ಲಿ ಮಾತಿನ ಸಂಕೇತ 2 ಮತ್ತು 3ನೇ ಪಿನ್ನುಗಳ ನಡುವಿನ ವ್ಯತ್ಯಾಸವಾಗಿ ಬರುತ್ತದೆ. ಮಿಕ್ಸರ್ ಆ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವುದರಿಂದ ಎರಡರಲ್ಲೂ ಸಮನಾಗಿರುವ ಗದ್ದಲ ಕಳೆದುಹೋಗುತ್ತದೆ. ಉಪಾಯ ಹೊಸದೇನಲ್ಲ. ಆರಂಭದ ಟೆಲಿಫೋನ್‌ಗಳಲ್ಲಿ ಒಂದೇ ತಂತಿ ಇರುತ್ತಿತ್ತು, ವಾಪಸು ದಾರಿ ನೆಲದ ಮೂಲಕ. ಪಕ್ಕದ ತಂತಿಗಳ ಸದ್ದೆಲ್ಲ ಅದರಲ್ಲಿ ಕೇಳಿಸುತ್ತಿತ್ತು. ಹೊಸೆದ ಜೋಡಿ ತಂತಿಗೆ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು.

ಹುರಿಯ ಶಕ್ತಿ ಚೆನ್ನಾಗಿ ಕಾಣಿಸುವುದು ಕಂಪ್ಯೂಟರ್ ನೆಟ್‌ವರ್ಕ್‌ನ ಲ್ಯಾನ್ ಕೇಬಲ್‌ನಲ್ಲಿ. ಸಾಮಾನ್ಯ ಲ್ಯಾನ್ ಕೇಬಲ್‌ಗೆ ಲೋಹದ ಕವಚವೇ ಇರುವುದಿಲ್ಲ. ಆದರೂ ಅದು 100 ಮೀಟರ್ ದೂರಕ್ಕೆ ಸೆಕೆಂಡಿಗೆ 1 ಗಿಗಾಬಿಟ್ ದತ್ತಾಂಶ ಒಯ್ಯುತ್ತದೆ. ಒಳಗಿನ ನಾಲ್ಕು ಜೋಡಿಗಳ ಹುರಿ ಒಂದೇ ಬಿಗಿಯಲ್ಲಿರುವುದಿಲ್ಲ. ಹಾಗಿದ್ದರೆ ಪಕ್ಕದ ಜೋಡಿಗಳ ಸಂಕೇತ ಒಂದರೊಳಗೊಂದು ಸೋರುತ್ತಿತ್ತು. ಇಲ್ಲಿ ಆಗುವ ಒಂದು ತಪ್ಪು ಬಹಳ ದಿನ ಪತ್ತೆಯಾಗದೆ ಉಳಿಯಬಲ್ಲದು. ಕನೆಕ್ಟರಿನಲ್ಲಿ ಜೋಡಿಗಳು ಕೂರಬೇಕಾದ್ದು 1-2, 3-6, 4-5, 7-8 ಎಂಬ ಕ್ರಮದಲ್ಲಿ. 1-2, 3-4, 5-6, 7-8 ಎಂದು ನೆಟ್ಟಗೆ ಕೂರಿಸುವುದು ಸುಲಭವೆನಿಸಿ, ಎರಡೂ ತುದಿಗಳಲ್ಲಿ ಹಾಗೆಯೇ ಮಾಡಿದರೆ, ದೀಪ ಮಿನುಗಿಸುವ ಅಗ್ಗದ ಟೆಸ್ಟರ್ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತದೆ. ಪ್ರತಿ ತಂತಿಯೂ ಸರಿಯಾದ ಪಿನ್ನಿಗೇ ತಲುಪಿದೆಯಲ್ಲ! ಆದರೆ 3 ಮತ್ತು 6ನೇ ಪಿನ್ನಿನ ಸಂಕೇತ ಈಗ ಎರಡು ಬೇರೆ ಬೇರೆ ಹುರಿಗಳಿಗೆ ಹಂಚಿಹೋಗಿದೆ. ತುಂಡು ಕೇಬಲ್‌ನಲ್ಲಿ ಇದು ನಡೆದುಹೋಗಬಹುದು. ಉದ್ದ ಹೆಚ್ಚಿದಂತೆ ವೇಗ ಕುಸಿಯುತ್ತದೆ, ಸಂಪರ್ಕ ಆಗಾಗ ಕಡಿಯುತ್ತದೆ. ಸರಿಯಾದ ಕ್ರಮದಲ್ಲಿ ಕೂರಿಸುವಾಗಲೂ ತುದಿಯಲ್ಲಿ ಹುರಿಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದೆಂಬ ನಿಯಮ ಇದೇ ಕಾರಣಕ್ಕೆ ಇದೆ.

ಕವಚದ ಕೆಲಸ ಬೇರೆ. ತಂತಿಗಳ ಸುತ್ತ ತಾಮ್ರದ ಜಾಲರಿಯನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಸುತ್ತಿ ಅದನ್ನು ಅರ್ಥ್‌ಗೆ ಜೋಡಿಸಿದಾಗ, ಹೊರಗಿನ ವಿದ್ಯುತ್ ಕ್ಷೇತ್ರ ಒಳಗಿನ ತಂತಿಗೆ ತಲುಪದೆ ಕವಚದ ಮೂಲಕ ಅರ್ಥ್‌ಗೆ ಹರಿದುಹೋಗುತ್ತದೆ. ಕವಚದ ಜೋಡಣೆ ಕಡಿದಿದ್ದರೆ ಅದರಿಂದ ಪ್ರಯೋಜನವಿಲ್ಲ. ಕೇಬಲ್ ಅಥವಾ ಮೈಕಿನ ಲೋಹದ ಭಾಗವನ್ನು ಕೈಯಿಂದ ಮುಟ್ಟಿದಾಗ ಗದ್ದಲ ಏರುವುದು, ಇಳಿಯುವುದು ಕಂಡುಬಂದರೆ ಮೊದಲು ಅನುಮಾನಿಸಬೇಕಾದ್ದು ಕನೆಕ್ಟರಿನೊಳಗಿನ ಆ ಬೆಸುಗೆಯನ್ನೇ.

ಆದರೆ ಮೊದಲು ಹೇಳಿದ 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಾಮ್ರದ ಜಾಲರಿ ತಡೆಯುವುದಿಲ್ಲ. ಆ ಆವರ್ತನೆಯಲ್ಲಿ ಅಂಥ ಕ್ಷೇತ್ರವನ್ನು ಗಮನಾರ್ಹವಾಗಿ ಕುಗ್ಗಿಸಲು ತಾಮ್ರದ ದಪ್ಪ 9 ಮಿಲಿಮೀಟರ್‌ನಷ್ಟಾದರೂ ಬೇಕು. 100 ಮೆಗಾಹರ್ಟ್ಸ್‌ನಲ್ಲಾದರೆ ಮಿಲಿಮೀಟರಿನ ನೂರನೇ ಒಂದು ಭಾಗವೂ ಬೇಡ. 'ಒಳ್ಳೇ ಶೀಲ್ಡ್ ಕೇಬಲ್' ಎಂದು ದುಬಾರಿ ಬೆಲೆ ತೆತ್ತರೂ ಗುಂಯ್‌ಗುಡುವಿಕೆ ಹೋಗದಿರುವುದು ಹಲವು ಸಲ ಇದರಿಂದ. ಕರೆಂಟಿನ ವೈರಿನಿಂದ ಕೇಬಲ್‌ ಅನ್ನು ಎರಡು ಪಟ್ಟು ದೂರ ಸರಿಸಿದರೆ ಮೇಲಿನ ಉದಾಹರಣೆಯ ಕ್ಷೇತ್ರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಅದೂ ಪುಕ್ಕಟೆಯಾಗಿ. ದಾಟಲೇಬೇಕಾದಲ್ಲಿ ಅಡ್ಡಡ್ಡವಾಗಿ ದಾಟಿಸುವುದು ಒಳ್ಳೆಯದು.

ಕೆಲವೊಮ್ಮೆ ಕವಚವೇ ಗದ್ದಲದ ದಾರಿಯಾಗುವುದುಂಟು. ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ದೂರದ ಇನ್ನೊಂದರಲ್ಲಿದ್ದಾಗ ಎರಡೂ ಕಡೆಯ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ಇರುತ್ತದೆ. ಅದರಿಂದಾಗಿ ಆಡಿಯೊ ಕೇಬಲ್‌ನ ಕವಚದಲ್ಲಿ ಕರೆಂಟು ಹರಿಯುತ್ತದೆ. ಮನೆಬಳಕೆಯ ಎರಡು ತಂತಿಯ ಆಡಿಯೊ ಕೇಬಲ್‌ನಲ್ಲಿ ಕವಚವೇ ಸಂಕೇತದ ವಾಪಸು ದಾರಿಯೂ ಆದ್ದರಿಂದ ಗದ್ದಲ ನೇರವಾಗಿ ಹಾಡಿನೊಳಗೆ ಬೆರೆಯುತ್ತದೆ. ಮೂರು ಪಿನ್ನಿನ ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದಾಗ ಸದ್ದು ನಿಂತರೆ ಕಾರಣ ಇದೇ ಎನ್ನಬಹುದು. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸುವುದು, ಇಲ್ಲವೇ ನಡುವೆ ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕುವುದು ಇದಕ್ಕೆ ಪರಿಹಾರ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿದರೂ ಸದ್ದು ನಿಲ್ಲುತ್ತದೆ. ಆದರೆ ಉಪಕರಣ ಕೆಟ್ಟ ದಿನ ಅದರ ಲೋಹದ ಮೈ ಮುಟ್ಟಿದವರಿಗೆ 230 ವೋಲ್ಟ್ ಹೊಡೆಯಬಹುದು.

ಫೆರೈಟ್ ಮಣಿಯದು ಇವೆರಡಕ್ಕಿಂತ ಬೇರೆ ಬಗೆಯ ಕೆಲಸ. ಹಳೆಯ ಮಾನಿಟರ್ ಅಥವಾ ಲ್ಯಾಪ್‌ಟಾಪ್ ಚಾರ್ಜರಿನ ಕೇಬಲ್ ತುದಿಯಲ್ಲಿ ಕಾಣುವ ಪ್ಲಾಸ್ಟಿಕ್ ಉಬ್ಬಿನೊಳಗೆ ಇರುವುದು ಇದೇ: ಕಬ್ಬಿಣದ ಆಕ್ಸೈಡ್‌ಗೆ ನಿಕಲ್, ಸತು ಮುಂತಾದವನ್ನು ಬೆರೆಸಿ ಸುಟ್ಟ ಕಪ್ಪು ಪಿಂಗಾಣಿಯಂಥ ವಸ್ತು. ಕೇಬಲ್‌ನ ಎರಡೂ ತಂತಿಗಳು ಇದರೊಳಗೆ ಹಾಯುವಾಗ, ಹೋಗುವ ಕರೆಂಟು ಮತ್ತು ಮರಳುವ ಕರೆಂಟು ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುವುದರಿಂದ ಫೆರೈಟ್‌ಗೆ ಅವುಗಳ ಅರಿವೇ ಆಗದು. ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ರೇಡಿಯೊ ಆವರ್ತನೆಯ ಕರೆಂಟನ್ನು ಮಾತ್ರ ಅದು ತಡೆದು, ಅದರ ಶಕ್ತಿಯನ್ನು ಅಲ್ಪ ಶಾಖವಾಗಿ ಕಳೆಯುತ್ತದೆ. ಮೈಕಿನ ಗುಂಯ್‌ಗುಡುವಿಕೆಗೆ ಮಾತ್ರ ಇದು ಉಪಯೋಗವಿಲ್ಲ: ಸಾಮಾನ್ಯ ಮಣಿ 100 ಮೆಗಾಹರ್ಟ್ಸ್‌ನಲ್ಲಿ ನೂರು ಓಮ್ ಆಸುಪಾಸು ತಡೆ ಒಡ್ಡಿದರೆ, 50 ಹರ್ಟ್ಸ್‌ನಲ್ಲಿ ಒಡ್ಡುವುದು ಓಮಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ಅಗ್ಗದ ಮೊಬೈಲ್ ಚಾರ್ಜರ್ ಹಾಕಿದ ಕೂಡಲೇ ಎಫ್‌ಎಂ ರೇಡಿಯೊ ಕರಕರ ಎನ್ನತೊಡಗಿದರೆ ಅದು ಫೆರೈಟ್‌ಗೆ ತಕ್ಕ ಸಂದರ್ಭ. ಆಗ ಚಾರ್ಜರಿನ ಉದ್ದನೆಯ ಕೇಬಲ್ಲೇ ಆಂಟೆನಾ ಆಗಿರುತ್ತದೆ. ಎರಡು ಹೋಳಾಗಿ ತೆರೆದು ಕೇಬಲ್‌ಗೆ ಕಚ್ಚಿಸುವ ಮಣಿಯನ್ನು ಚಾರ್ಜರಿಗೆ ಆದಷ್ಟು ಹತ್ತಿರ ಹಾಕಬೇಕು. ದೂರದಲ್ಲಿ ಹಾಕಿದರೆ ಅಲ್ಲಿಯವರೆಗಿನ ತಂತಿ ಗದ್ದಲ ಸೂಸುತ್ತಲೇ ಇರುತ್ತದೆ. ರಂಧ್ರ ದೊಡ್ಡದಿದ್ದು ಕೇಬಲ್ ಅದರ ಮೂಲಕ ಎರಡು ಬಾರಿ ಹಾದುಹೋದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೋಳುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಪರಿಣಾಮ ಕುಗ್ಗುವುದರಿಂದ ಕ್ಲಿಪ್ 'ಟಕ್' ಎಂದು ಪೂರ್ತಿ ಮುಚ್ಚಿಕೊಳ್ಳಬೇಕು. ಆದರೂ ಕರಕರ ಹೋಗದಿದ್ದರೆ ಅದು ಬೇರೆ ದಾರಿಯಿಂದ, ಬಹುಶಃ ಗೋಡೆಯ ವೈರಿಂಗ್ ಮೂಲಕ, ರೇಡಿಯೊ ತಲುಪುತ್ತಿದೆ ಎಂದರ್ಥ. ಆಗ ಚಾರ್ಜರ್ ಬದಲಿಸುವುದೇ ಸುಲಭ.