ಹೆಸರು ಬರೆಸಿ ಹೋದವರಿಗೆ ನಮಸ್ಕಾರ

ನಮ್ಮ ಬೀದಿಯ ಪುಸ್ತಕದಂಗಡಿಗೆ ಈಗ ಹತ್ತು ವರ್ಷ. ಅದನ್ನು ಉಳಿಸಿದವರು ಕಾಯಂ ಓದುಗರು. ಹೇಗೆ ಅಂತೀರಾ? 200 ರೂಪಾಯಿಯ ಪುಸ್ತಕ ನಮಗೆ ಶೇ. 30 ರಿಯಾಯಿತಿಯಲ್ಲಿ, ಅಂದರೆ 140ಕ್ಕೆ ಸಿಕ್ಕಿತೆನ್ನಿ. ಗಿರಾಕಿಗೆ ಶೇ. 10 ಬಿಟ್ಟರೆ ಉಳಿಯುವುದು 40. ಬಾಡಿಗೆ, ಕರೆಂಟು, ಪಾರ್ಸೆಲ್ ಖರ್ಚೆಲ್ಲ ಅದರಲ್ಲೇ. ಐದು ಪ್ರತಿಗೆ 700 ಕೊಟ್ಟು ತಂದು ಮೂರೇ ಮಾರಿದರೆ ಕೈಗೆ ಬರುವುದು 540. ಪ್ರಕಾಶಕರು ವಾಪಸು ತೆಗೆದುಕೊಳ್ಳದಿದ್ದರೆ ಮಿಕ್ಕೆರಡು ಕಪಾಟಿನಲ್ಲೇ ಅಂಚು ಹಳದಿಯಾಗುತ್ತ ಕೂರುತ್ತವೆ. ತೇಜಸ್ವಿಯವರ ‘ಕರ್ವಾಲೊ’ ತರಿಸಲು ಈ ಭಯವಿಲ್ಲ, ಹೊಸ ಕವಿಯ ಸಂಕಲನಕ್ಕೆ ಖಂಡಿತ ಇದೆ. ಅದಕ್ಕೇ ‘ನನಗೊಂದು ತರಿಸಿಡಿ’ ಎಂದು ಮೊದಲೇ ಹೇಳುವವರಿಗೆ ನಮ್ಮ ದೊಡ್ಡ ನಮಸ್ಕಾರ. ಬೇಕಾದ ಪುಸ್ತಕ ಸಿಗದಿದ್ದರೆ ಸುಮ್ಮನೆ ಹೋಗಬೇಡಿ, ಗಲ್ಲಾಪೆಟ್ಟಿಗೆ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದು ಹೋಗಿ.