ಒಂದೇ ಮನೆ, ಎರಡು ಲೆಕ್ಕ

ಒಂದೇ ಮನೆಯ ಅಣ್ಣ–ತಂಗಿ ಎಂದುಕೊಳ್ಳಿ. ಇಬ್ಬರಿಗೂ ಸಕ್ಕರೆ ಕಾಯಿಲೆ. ಅಣ್ಣನಿಗೆ ಮೆಟ್‌ಫಾರ್ಮಿನ್ ಮಾತ್ರೆಯಷ್ಟೇ. ಬೆಳಿಗ್ಗೆ 140 ಬಂದರೂ ನುಂಗುವುದು ಅದೇ ಮಾತ್ರೆ. ದಿನವೂ ಬೆರಳು ಚುಚ್ಚಿ ಏನು ಬಂತು? ಆಗೊಮ್ಮೆ ಈಗೊಮ್ಮೆ ಫಾಸ್ಟಿಂಗ್, 3ರಿಂದ 6 ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಸಾಮಾನ್ಯವಾಗಿ ಸಾಕು.

ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವ ತಂಗಿಗೆ ಮೀಟರಿನ ಅಂಕಿಯೇ ಡೋಸು ಹೇಳಬೇಕು. ಮಧ್ಯಾಹ್ನದ ಮುದ್ದೆಯೂಟಕ್ಕೆ ವೈದ್ಯರು ಅವಳಿಗೆಂದೇ ಗೊತ್ತುಮಾಡಿದ್ದು 6 ಯೂನಿಟ್. 120ರ ಮೇಲೆ ಪ್ರತಿ 50ಕ್ಕೆ ಇನ್ನೊಂದು. ಮೀಟರ್ 220 ತೋರಿಸಿದರೆ ಒಟ್ಟು 8. 65 ತೋರಿಸಿದರೆ ಮೊದಲು ಸಕ್ಕರೆ ನೀರು, ಆಮೇಲೆ ಇನ್ಸುಲಿನ್ ಮಾತು. ಅದಕ್ಕೇ ಮೂರೂ ಊಟಕ್ಕೆ ಮುನ್ನ, ಮಲಗುವ ಮುನ್ನ ಪರೀಕ್ಷೆ.

ಅಣ್ಣನ ಚೀಟಿಗೆ ಗ್ಲಿಮೆಪಿರೈಡ್ ಸೇರಿದರೆ ಮಾತ್ರ ಲೆಕ್ಕ ಬದಲು. ಅದು ಸಕ್ಕರೆಯನ್ನು ತೀರಾ ಇಳಿಸಬಲ್ಲದು. ಬೆವರು, ನಡುಕ ಬಂದ ಕೂಡಲೇ ಅವನೂ ಮೀಟರ್ ಹಿಡಿಯಬೇಕು.